ಗ್ರೂಪ್ ಪ್ಯಾಕೇಜ್ ಮಾಡಿಕೊಡುವ ಟ್ರಾವೆಲ್ ಏಜೆಂಟ್ ಸೇವೆ: ಕೆಲವು ವರ್ಷ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4

ನಮ್ಮದು ದೊಡ್ಡ ಕುಟುಂಬ. ಕೆಲವು ವರ್ಷಗಳಿಂದ ಎಲ್ಲರೂ ಸೇರಿ ಹೋಗುವ ಪ್ರವಾಸಗಳನ್ನು ಒಬ್ಬರೇ ಟ್ರಾವೆಲ್ ಏಜೆಂಟ್ ಮೂಲಕ ಮಾಡಿಸುತ್ತಿದ್ದೇವೆ. ರೆಡಿಮೇಡ್ ಪ್ಯಾಕೇಜ್ ಅಲ್ಲ, ನಮ್ಮ ಗುಂಪಿಗೆ ತಕ್ಕಂತೆ ಹೊಂದಿಸಿಕೊಡುವಂಥದ್ದು. ಸೇವೆ ಚೆನ್ನಾಗಿದೆ. ಆದರೆ ನಾವು ಕಳಿಸುವ ಮೊದಲ ಮೆಸೇಜ್ ಹೇಗಿದೆಯೋ ಬರುವ ಕೊಟೇಶನ್ ಕೂಡ ಹಾಗೇ ಇರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಏಜೆಂಟ್‌ಗಿಂತ ಆ ಮೆಸೇಜ್ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

"ನಾವು 12 ಜನ, 5 ರಾತ್ರಿ, ರೇಟ್ ಎಷ್ಟಾಗುತ್ತೆ?" ಅಂತ ಕೇಳಿದರೂ ಉತ್ತರ ಬಂದೇ ಬರುತ್ತದೆ. ಆದರೆ ನಾವು ಹೇಳದೆ ಬಿಟ್ಟದ್ದನ್ನೆಲ್ಲ ಏಜೆಂಟ್ ತಾವೇ ಊಹಿಸಿಕೊಳ್ಳಬೇಕು. ಒಬ್ಬರು ಕಡಿಮೆ ರೇಟ್ ತೋರಿಸಲು ಒಂದೊಂದು ರೂಮಿಗೆ ಮೂವರನ್ನು ಹಾಕಿ, ಚಿಕ್ಕ ವಾಹನ ಲೆಕ್ಕ ಹಿಡಿಯುತ್ತಾರೆ. ಇನ್ನೊಬ್ಬರು ಆಮೇಲೆ ತಕರಾರು ಬೇಡ ಅಂತ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಏರಿಸಿ ಇಡುತ್ತಾರೆ. ಎರಡು ಕೊಟೇಶನ್ ಪಕ್ಕಪಕ್ಕ ಇಟ್ಟರೂ ಯಾವುದು ಅಗ್ಗ ಅಂತ ಹೇಳೋಕಾಗಲ್ಲ, ಯಾಕೆಂದರೆ ಇಬ್ಬರೂ ಬೇರೆ ಬೇರೆ ವಸ್ತುವಿಗೆ ಬೆಲೆ ಹೇಳಿರುತ್ತಾರೆ.

ನಾವು ಈಗ ಕಳಿಸುವ ಮೆಸೇಜ್ ಹೀಗಿರುತ್ತದೆ. ದಿನಾಂಕ, ಊರು, ಮೊತ್ತಗಳ ಜಾಗ ಖಾಲಿ ಬಿಟ್ಟಿದ್ದೇನೆ.

"ನಮಸ್ಕಾರ. ನಾವು ಒಟ್ಟು 12 ಜನ. ದೊಡ್ಡವರು 9, ಮಕ್ಕಳು 3. ಹೊರಡುವ ದಿನಕ್ಕೆ ಮಕ್ಕಳಿಗೆ 13, 8 ಮತ್ತು 3 ವರ್ಷ ತುಂಬಿರುತ್ತದೆ. 5 ರಾತ್ರಿ ತಂಗಬೇಕು: ____ ಊರಲ್ಲಿ 3, ____ ಊರಲ್ಲಿ 2. ____ ರಂದು ಹೊರಡುವ ಯೋಚನೆ. ಮೂರು ದಿನ ಹಿಂದೆ ಮುಂದೆ ಆದರೂ ಸರಿ. ರೇಟ್ ಕಡಿಮೆ ಇರುವ ದಿನ ಇದ್ದರೆ ಹೇಳಿ.

ರೂಮ್ 5 ಬೇಕು. 1) ಗಂಡ ಹೆಂಡತಿ, ಜೊತೆಗೆ 8 ವರ್ಷದ ಮಗು, ಎಕ್ಸ್‌ಟ್ರಾ ಬೆಡ್ ಸಮೇತ. 2) ಗಂಡ ಹೆಂಡತಿ, 3 ವರ್ಷದ ಮಗು, ಬೇರೆ ಬೆಡ್ ಬೇಡ. 3) ಗಂಡ ಹೆಂಡತಿ. 4) 70 ದಾಟಿದ ದಂಪತಿ. ನೆಲಮಹಡಿ ಅಥವಾ ಲಿಫ್ಟ್ ಇರಲೇಬೇಕು. 5) ಅತ್ತೆ ಮತ್ತು 13 ವರ್ಷದ ಹುಡುಗಿ, ಎರಡು ಬೇರೆ ಬೇರೆ ಮಂಚ.

ದೊಡ್ಡ ಪೆಟ್ಟಿಗೆ 8, ಕೈಚೀಲ 12. ಎಲ್ಲರೂ ಒಂದೇ ವಾಹನದಲ್ಲಿ ಹೋಗಬೇಕು. ವಾಹನ ಸಂಜೆ 7ರವರೆಗೆ ನಮ್ಮ ಜೊತೆಗೇ ಇರಬೇಕು. ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಪ್ರಯಾಣ ಬೇಡ.

ಬೆಳಗಿನ ತಿಂಡಿ ಪ್ಯಾಕೇಜಿನಲ್ಲಿರಲಿ. ರಾತ್ರಿ ಊಟ ಸೇರಿಸಿ ಒಂದು ರೇಟ್, ಸೇರಿಸದೆ ಒಂದು ರೇಟ್ ಕೊಡಿ. ನಾಲ್ವರು ಸಸ್ಯಾಹಾರಿಗಳು.

ವಿಮಾನದ ಟಿಕೆಟ್ ಬಿಟ್ಟು, ತೆರಿಗೆ ಸೇರಿ, ಒಟ್ಟು ಬಜೆಟ್ ____. ಅದರೊಳಗೆ ಆಗದಿದ್ದರೆ ಮೊದಲು ಗೈಡ್ ತೆಗೆಯಿರಿ, ಆಮೇಲೆ ಒಂದು ರಾತ್ರಿ ಕಡಿಮೆ ಮಾಡಿ. ಹೋಟೆಲ್ ದರ್ಜೆ ಮಾತ್ರ ಇಳಿಸಬೇಡಿ.

ಕೊಟೇಶನ್‌ನಲ್ಲಿ ಹೋಟೆಲ್ ಹೆಸರು, ರೂಮಿನ ವಿಧ, ವಾಹನದ ಸೀಟು, ಏನು ಸೇರಿದೆ, ಏನು ಸೇರಿಲ್ಲ, ರದ್ದು ಮಾಡಿದರೆ ಎಷ್ಟು ಕಡಿತ, ಈ ರೇಟ್ ಯಾವ ದಿನದವರೆಗೆ ಅನ್ನುವುದೆಲ್ಲ ಬರೆದು ಕೊಡಿ. 12ರ ಬದಲು 10 ಜನ ಆದರೆ ಎಷ್ಟು ಅನ್ನುವುದನ್ನೂ ತಿಳಿಸಿ."

ಇಷ್ಟುದ್ದ ಯಾರು ಓದುತ್ತಾರೆ ಅನ್ನಿಸಬಹುದು. ಏಜೆಂಟ್ ಓದುತ್ತಾರೆ. ಹೋಟೆಲಿಗೆ, ವಾಹನದವರಿಗೆ ಅವರು ಫೋನ್ ಮಾಡಿದಾಗ ಆ ಕಡೆಯಿಂದ ಬರುವುದು ಇವೇ ಪ್ರಶ್ನೆಗಳು. ಉತ್ತರ ಕೈಯಲ್ಲೇ ಇದ್ದರೆ ಅವರಿಗೂ ಕೆಲಸ ಹಗುರ.

ಮಕ್ಕಳ ವಯಸ್ಸಿನ ಸಾಲಿಗೆ ಒಂದು ಕಾರಣವಿದೆ. ಸುಮ್ನೆ "3 ಮಕ್ಕಳು" ಅಂತ ಬರೆದರೆ ಅದು ಏನೂ ಹೇಳುವುದಿಲ್ಲ. ತುಂಬಾ ಹೋಟೆಲ್‌ಗಳು 12 ದಾಟಿದವರನ್ನು ದೊಡ್ಡವರ ಲೆಕ್ಕಕ್ಕೇ ಸೇರಿಸುತ್ತವೆ. 3 ವರ್ಷದ ಮಗುವಿಗೆ ಸಾಮಾನ್ಯವಾಗಿ ಚಾರ್ಜ್ ಇರುವುದಿಲ್ಲ. ನಡುವಿನ 8ಕ್ಕೆ ಬೆಡ್ ಬೇಕಾದರೆ ಒಂದು ರೇಟ್, ಬೇಡದಿದ್ದರೆ ಇನ್ನೊಂದು. ಈ ಗಡಿ ಹೋಟೆಲಿನಿಂದ ಹೋಟೆಲಿಗೆ ಬದಲಾಗುತ್ತದೆ. ಅದಕ್ಕೇ ವಯಸ್ಸನ್ನು ಹೊರಡುವ ದಿನಕ್ಕೆ ಲೆಕ್ಕ ಹಾಕಿ ಕೊಡಬೇಕು. ಕೌಂಟರ್‌ನಲ್ಲಿ ಗುರುತಿನ ಚೀಟಿ ನೋಡಿ ಹೆಚ್ಚಿಗೆ ಕೇಳಿದರೆ ಏಜೆಂಟ್ ಕೂಡ ಏನೂ ಮಾಡೋಕಾಗಲ್ಲ.

ಐದನೇ ರೂಮನ್ನು ನೋಡಿ. ಅತ್ತೆ ಒಬ್ಬರೇ ಬರುವವರು. ಒಬ್ಬರೇ ಇದ್ದರೂ ಒಂದು ಪೂರ್ತಿ ರೂಮ್ ಬೇಕಲ್ವಾ? ಪ್ಯಾಕೇಜಿನ ತಲಾ ರೇಟ್ ಇಬ್ಬರು ಒಂದು ರೂಮ್ ಹಂಚಿಕೊಳ್ಳುತ್ತಾರೆ ಅನ್ನುವ ಲೆಕ್ಕದಲ್ಲಿರುತ್ತದೆ. ಹಾಗಾಗಿ ಒಬ್ಬರೇ ಇದ್ದರೆ ಉಳಿದರ್ಧದ ದುಡ್ಡೂ ಅವರ ತಲೆ ಮೇಲೆ ಬರುತ್ತದೆ. ಇತ್ತ 13 ವರ್ಷದ ಹುಡುಗಿ ಅಪ್ಪ ಅಮ್ಮನ ರೂಮಿನಲ್ಲಿದ್ದರೆ ಅಲ್ಲಿ ಇನ್ನೊಂದು ಎಕ್ಸ್‌ಟ್ರಾ ಬೆಡ್ ಬೇಕು. ಒಂದು ರೂಮಿಗೆ ಎರಡು ಎಕ್ಸ್‌ಟ್ರಾ ಬೆಡ್ ಹಾಕಲು ಎಷ್ಟೋ ಕಡೆ ಒಪ್ಪುವುದೇ ಇಲ್ಲ, ಆಗ ಆರನೇ ರೂಮ್ ತಗೊಳ್ಳಿ ಅನ್ನುತ್ತಾರೆ. ಹುಡುಗಿಯನ್ನು ಅತ್ತೆಯ ಜೊತೆ ಹಾಕಿದರೆ ಎರಡೂ ಖರ್ಚು ಒಟ್ಟಿಗೇ ಹೋಗುತ್ತವೆ. ಈ ಜೋಡಣೆ ಏಜೆಂಟ್‌ಗೆ ಹೊಳೆಯುವುದು ಕಷ್ಟ, ಯಾರ ಜೊತೆ ಯಾರು ಮಲಗಬಹುದು ಅಂತ ಅವರಿಗೇನು ಗೊತ್ತು?

ಇನ್ನು ವಾಹನ. 12 ಸೀಟಿನ ಗಾಡಿಯಲ್ಲಿ 12 ಜನ ಕೂರಬಹುದು, ಪೆಟ್ಟಿಗೆಗಳಿಗೆ ಜಾಗ ಎಲ್ಲಿ? ಲಗೇಜ್ ಎಷ್ಟು ಅಂತ ಬರೆದ ಮೇಲೆಯೇ ದೊಡ್ಡ ಗಾಡಿಯ ಮಾತು ಬರುತ್ತದೆ. "ಜೊತೆಗೇ ಇರಬೇಕು" ಅನ್ನುವುದನ್ನೂ ಬಿಡಬೇಡಿ. ಕಡಿಮೆ ರೇಟಿನ ಕೆಲವು ಕೊಟೇಶನ್‌ಗಳಲ್ಲಿ ವಾಹನ ಇರುವುದು ನಿಲ್ದಾಣದಿಂದ ಹೋಟೆಲಿಗೆ, ಹೋಟೆಲಿನಿಂದ ನಿಲ್ದಾಣಕ್ಕೆ ಬಿಡುವುದಕ್ಕೆ ಮಾತ್ರ. ಕಾಗದದ ಮೇಲೆ ಎರಡಕ್ಕೂ "ವಾಹನ ಸೇರಿದೆ" ಅಂತಲೇ ಇರುತ್ತದೆ. ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಸೇರಿದೆಯೋ ಇಲ್ಲವೋ ಅಂತ ಒಂದು ಮಾತು ಕೇಳಿಬಿಡಿ.

ಬಜೆಟ್ ಹೇಳಬೇಕೋ ಬೇಡವೋ ಅನ್ನುವುದು ಎಲ್ಲರ ಅನುಮಾನ. ಹೇಳಿದರೆ ಅಷ್ಟನ್ನೂ ಖಾಲಿ ಮಾಡುತ್ತಾರೆ ಅನ್ನುವ ಭಯ. ಭಯ ಪೂರ್ತಿ ಸುಳ್ಳಲ್ಲ, ಹೇಳಿದ ಮೊತ್ತಕ್ಕೆ ಹತ್ತಿರವೇ ಕೊಟೇಶನ್ ಬರುತ್ತದೆ. ಆದರೂ ನನ್ನ ಪ್ರಕಾರ ಹೇಳುವುದೇ ಒಳ್ಳೆಯದು. ಹೇಳದಿದ್ದರೆ ಅವರು ನಮ್ಮ ಮಟ್ಟವನ್ನು ಊಹಿಸಿ ಮೂರು ನಾಲ್ಕು ಪ್ಲಾನ್ ಕಳಿಸುತ್ತಾರೆ, ಯಾವುದೂ ಸರಿಹೊಂದುವುದಿಲ್ಲ. ಕಾಪಾಡಿಕೊಳ್ಳಲು ಬೇರೆ ದಾರಿ ಇದೆ. ಬಜೆಟ್ ಜೊತೆಗೆ ಏನು ಸೇರಿರಬೇಕು, ಏನನ್ನು ಮೊದಲು ಕಡಿತ ಮಾಡಬೇಕು ಅಂತ ಬರೆದುಬಿಟ್ಟರೆ ಮೊತ್ತ ಅಷ್ಟೇ ಇಟ್ಟು ಗುಣಮಟ್ಟ ಇಳಿಸುವುದು ಕಷ್ಟ.

ರಾತ್ರಿ ಊಟಕ್ಕೆ ಎರಡು ರೇಟ್ ಕೇಳಿದ್ದೂ ಇದೇ ಯೋಚನೆಯಿಂದ. ಪ್ಯಾಕೇಜಿನ ಒಳಗಿನ ಬಿಡಿ ಬೆಲೆಗಳನ್ನು ಕೊಡಿ ಅಂದರೆ ತುಂಬಾ ಏಜೆಂಟ್‌ಗಳು ಕೊಡುವುದಿಲ್ಲ. ಅದು ಅವರ ವ್ಯಾಪಾರ, ತಪ್ಪೇನಿಲ್ಲ. ಆದರೆ ಒಂದೇ ಒಂದು ಅಂಶ ಬದಲಿಸಿ ಎರಡು ರೇಟ್ ಕೇಳಿದರೆ ಸಂತೋಷವಾಗಿ ಕೊಡುತ್ತಾರೆ. ಎರಡರ ವ್ಯತ್ಯಾಸವೇ ಆ ಅಂಶದ ಬೆಲೆ. ಆ ವ್ಯತ್ಯಾಸವನ್ನು ಊಟ ಮಾಡುವವರ ಸಂಖ್ಯೆಯಿಂದಲೂ 5 ರಾತ್ರಿಯಿಂದಲೂ ಭಾಗಿಸಿದರೆ ಒಂದು ಊಟಕ್ಕೆ ಎಷ್ಟು ಹಿಡಿದಿದ್ದಾರೆ ಅಂತ ಗೊತ್ತಾಗುತ್ತದೆ. ಹೊರಗೆ ತಿಂದರೆ ಅದಕ್ಕಿಂತ ಕಡಿಮೆಗೆ ಆಗುವುದಾದರೆ ಊಟ ತೆಗೆಸಿಬಿಡಿ. ಹೋಟೆಲ್ ದರ್ಜೆ, ಗೈಡ್ ವಿಷಯದಲ್ಲೂ ಇದೇ ಉಪಾಯ ನಡೆಯುತ್ತದೆ.

"12ರ ಬದಲು 10 ಜನ" ಅನ್ನುವ ಕೊನೆಯ ಸಾಲು ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದೆ. ದೊಡ್ಡ ಗುಂಪಿನಲ್ಲಿ ಕೊನೆ ಗಳಿಗೆಯಲ್ಲಿ ಯಾರಾದರೂ ಬಿಡುವುದು ಮಾಮೂಲು. ಲೆಕ್ಕ ಸುಲಭವಾಗಲಿ ಅಂತ ತಲೆಗೆ 100, ಒಟ್ಟು 1200 ಅಂದುಕೊಳ್ಳಿ. ಅದರಲ್ಲಿ ವಾಹನ ಮತ್ತು ಗೈಡ್‌ಗೆ 360. ಜನ ಎಷ್ಟೇ ಇದ್ದರೂ ಇದು ಬದಲಾಗುವುದಿಲ್ಲ. ಉಳಿದ 840 ರೂಮು, ಊಟ, ಪ್ರವೇಶ ಟಿಕೆಟ್‌ಗೆ, ಅಂದರೆ ತಲೆಗೆ 70. ಮೂರನೇ ರೂಮಿನ ದಂಪತಿ ಬಿಟ್ಟರೆ ಅವರ ರೂಮೂ ಹೋಗುತ್ತದೆ. 360 ಈಗ 10 ಜನರಿಗೆ ಹಂಚಿ 36 ಆಗುತ್ತದೆ, ತಲಾ ರೇಟ್ ಸುಮಾರು 106. ಏಜೆಂಟ್ 120 ಅಂದರೆ ಆ 14 ಎಲ್ಲಿಂದ ಬಂತು ಅಂತ ಕೇಳಬಹುದು. ಹೋಟೆಲಿನ ರದ್ದತಿ ಕಡಿತ ಇದ್ದರೆ ಅದನ್ನು ತೋರಿಸಲಿ. ಆದರೆ ಅತ್ತೆ ಒಬ್ಬರೇ ಬಿಟ್ಟರೆ ಈ ಲೆಕ್ಕ ನಡೆಯುವುದಿಲ್ಲ. ರೂಮ್ ಹಾಗೇ ಉಳಿಯುತ್ತದೆ, ಹುಡುಗಿಯನ್ನು ಎಲ್ಲಿ ಮಲಗಿಸುವುದು ಅನ್ನುವ ಪ್ರಶ್ನೆಯೂ ವಾಪಸ್ ಬರುತ್ತದೆ.

ವಿಮಾನದ ಟಿಕೆಟ್ ಅನ್ನು ನಾವು ಪ್ಯಾಕೇಜಿನಿಂದ ಹೊರಗೇ ಇಡುತ್ತೇವೆ. ಅದರ ದರ ದಿನಕ್ಕೊಂದು, ಅದು ಸೇರಿದರೆ ಉಳಿದದ್ದರ ಬೆಲೆ ಮುಚ್ಚಿಹೋಗುತ್ತದೆ. ಒಂದು ವಿಷಯ ಮಾತ್ರ ಗಮನಿಸಿ: 12 ಸೀಟು ಒಟ್ಟಿಗೆ ಕೇಳಿದಾಗ, ಅಗ್ಗದ ದರದಲ್ಲಿ 5 ಸೀಟು ಮಾತ್ರ ಉಳಿದಿದ್ದರೆ, ಸಾಮಾನ್ಯವಾಗಿ ಎಲ್ಲರಿಗೂ ಮೇಲಿನ ದರವೇ ಬೀಳುತ್ತದೆ. ಎರಡು ಬುಕಿಂಗ್ ಆಗಿ ಒಡೆದರೆ ಉಳಿತಾಯ ಆಗಬಹುದು, ಆದರೆ ವಿಮಾನ ರದ್ದಾದರೆ ಗುಂಪು ಎರಡಾಗುವ ಅಪಾಯವೂ ಇದೆ.

ಈಗ ಏಜೆಂಟ್ ವಿಷಯಕ್ಕೆ. ಮೆಸೇಜ್ ಹೀಗೆ ಕಳಿಸಲು ಶುರು ಮಾಡಿದ ಮೇಲೆ ಪ್ರವಾಸದ ಮಧ್ಯೆ "ಇದು ಸೇರಿಲ್ಲ" ಅನ್ನುವ ಜಗಳ ಹೆಚ್ಚುಕಡಿಮೆ ನಿಂತಿದೆ. ವಯಸ್ಸಾದವರ ರೂಮ್ ಬಗ್ಗೆ ಹೋಟೆಲಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ರಸ್ತೆಯಲ್ಲಿ ಗಾಡಿ ಕೆಟ್ಟಾಗ ಇನ್ನೊಂದನ್ನು ಕಳಿಸಿದ್ದೂ ಅವರೇ. ಅವರ ಲಾಭಾಂಶಕ್ಕೆ ನನ್ನ ತಕರಾರಿಲ್ಲ.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಎರಡು ಕಾರಣಕ್ಕೆ. ಒಂದು, ಹೋಟೆಲ್ ಹೆಸರು ಕೇಳಿದರೂ ಪಕ್ಕದಲ್ಲಿ "ಅಥವಾ ಅದೇ ದರ್ಜೆಯದು" ಅಂತ ಸೇರಿಸುವ ಚಾಳಿ ಬಿಟ್ಟಿಲ್ಲ. ದರ್ಜೆ ಒಂದೇ ಆದರೂ ಆ ಇನ್ನೊಂದು ಹೋಟೆಲ್ ಊರಾಚೆ ಇರಬಹುದು, ಲಿಫ್ಟ್ ಇಲ್ಲದಿರಬಹುದು. ಹೋಟೆಲ್ ಬದಲಿಸುವ ಮೊದಲು ನಮ್ಮನ್ನು ಕೇಳಬೇಕು, ನಾವು ಒಪ್ಪದಿದ್ದರೆ ಆ ರಾತ್ರಿಗಳ ದುಡ್ಡು ವಾಪಸ್ ಕೊಡಬೇಕು ಅಂತ ಈಗ ಮುಂಗಡ ಕಟ್ಟುವ ಮುಂಚೆಯೇ ಬರೆಸಿಕೊಳ್ಳುತ್ತೇವೆ. ಎರಡು, ರಜೆಯ ಸಮಯದಲ್ಲಿ ಉತ್ತರ ತುಂಬಾ ತಡ. ಕೊಟೇಶನ್ ಕೈ ಸೇರುವಷ್ಟರಲ್ಲಿ ಅದರ ಅವಧಿಯೇ ಮುಗಿಯುವ ಹಂತದಲ್ಲಿರುತ್ತದೆ, ಆಮೇಲೆ "ಇವತ್ತೇ ಅಡ್ವಾನ್ಸ್ ಹಾಕಿ" ಅಂತ ಅವಸರ ಮಾಡುತ್ತಾರೆ. ರಜೆಯಲ್ಲಿ ಹೋಗುವುದಾದರೆ ಮೆಸೇಜನ್ನು ಎರಡು ಮೂರು ತಿಂಗಳು ಮೊದಲೇ ಕಳಿಸಿಬಿಡಿ.