ಗಿಡ್ಡ ಹೆಜ್ಜೆಯೋ ಉದ್ದ ಹೆಜ್ಜೆಯೋ: ಲಂಜ್ ಎರಡೂ ಬಗೆಯಲ್ಲಿ ಮಾಡಿ ನೋಡಿದ್ದು

ಕದ್ರಿ ದೇವಸ್ಥಾನದ ಹಿಂದಿನ ಮೆಟ್ಟಿಲು ಹತ್ತುವಾಗ ನನಗೆ ಏನೂ ಆಗುತ್ತಿರಲಿಲ್ಲ. ಇಳಿಯುವಾಗ ಎಡ ಮೊಣಕಾಲಿನ ಚಿಪ್ಪಿನ ಹಿಂದೆ ಚುಚ್ಚುತ್ತಿತ್ತು. ಊತ ಇಲ್ಲ, ಕಾಲು ಸಿಕ್ಕಿಕೊಳ್ಳುವುದೂ ಇಲ್ಲ. ಡಾಕ್ಟರು ನೋಡಿ, ಒಳಗೆ ಏನೂ ಹರಿದಿಲ್ಲ, ತೊಡೆ ಮತ್ತು ಸೊಂಟದ ಸ್ನಾಯು ಗಟ್ಟಿಮಾಡಿ ಎಂದರು. ಜಿಮ್ಮಿನಲ್ಲಿ ಲಂಜ್ ಮಾಡಿ ಎಂದರು, ಅಂದರೆ ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಮೊಣಕಾಲು ಮಡಚಿ ಕೆಳಗಿಳಿದು ಏಳುವುದು. ಜೊತೆಗೆ ಹೇಳಿದ್ದು ಎಲ್ಲ ಕಡೆ ಹೇಳುವ ಮಾತೇ: ಗಿಡ್ಡ ಹೆಜ್ಜೆ ಇಟ್ಟರೆ ಕೆಲಸ ತೊಡೆಯ ಮುಂಭಾಗದ ಸ್ನಾಯುಗಳಾದ ಕ್ವಾಡ್ಸ್‌ಗೆ, ಉದ್ದ ಹೆಜ್ಜೆ ಇಟ್ಟರೆ ಕೂರುವ ಜಾಗದ ಸ್ನಾಯುಗಳಾದ ಗ್ಲೂಟ್ಸ್‌ಗೆ, ಎರಡರಲ್ಲೂ ಎದೆ ನೆಟ್ಟಗಿರಲಿ. ಈ ಮಾತು ಎಷ್ಟು ನಿಜ ಎಂದು ನಾಲ್ಕು ವಾರ ಗಿಡ್ಡ ಹೆಜ್ಜೆಯಲ್ಲಿ, ನಾಲ್ಕು ವಾರ ಉದ್ದ ಹೆಜ್ಜೆಯಲ್ಲಿ ಮಾಡಿ ನೋಡಿದೆ. ವಾರಕ್ಕೆ ಎರಡು ದಿನ, ಪ್ರತಿ ಕಾಲಿಗೆ ಹತ್ತರಂತೆ ಮೂರು ಸೆಟ್, ಕೈಯಲ್ಲಿ ಆರಾರು ಕಿಲೋ ಡಂಬಲ್. ಹೆಜ್ಜೆ ಎತ್ತಿ ಹಾಕುವ ಲಂಜ್ ಅಲ್ಲ. ಕಾಲು ಇಟ್ಟಲ್ಲೇ ಇಟ್ಟು ಕೆಳಗಿಳಿದು ಮೇಲೇಳುವುದು. ಇಲ್ಲವಾದರೆ ಪ್ರತಿ ಸಲ ಹೆಜ್ಜೆ ಒಂದೊಂದು ಉದ್ದಕ್ಕೆ ಬಿದ್ದು ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ನನ್ನ ಎತ್ತರ 168 ಸೆಂಟಿಮೀಟರ್, ತೂಕ 68 ಕಿಲೋ, ತೊಡೆಯ ಉದ್ದ ಅಂದಾಜು 42 ಸೆಂ.ಮೀ. ಹಿಂದಿನ ಕಾಲಿನ ಬೆರಳ ತುದಿಯಿಂದ ಮುಂದಿನ ಕಾಲಿನ ಹಿಮ್ಮಡಿವರೆಗೆ ಅಳೆದು ನೆಲಕ್ಕೆ ಟೇಪ್ ಅಂಟಿಸಿದೆ: ಗಿಡ್ಡ ಹೆಜ್ಜೆಗೆ 55, ಉದ್ದ ಹೆಜ್ಜೆಗೆ 90. ಈ ಅಳತೆ ನಿಮಗೆ ಹೊಂದಲಿಕ್ಕಿಲ್ಲ. ನಿಮ್ಮದು ಬೇಕಿದ್ದರೆ ಒಂದು ಮೊಣಕಾಲನ್ನು ನೆಲಕ್ಕೆ ಊರಿ ಕೂತುಕೊಳ್ಳಿ. ಊರಿದ ಕಾಲಿನ ತೊಡೆಯೂ ಮುಂದಿನ ಕಾಲಿನ ಕೆಳಭಾಗವೂ ನೆಟ್ಟಗೆ ನಿಂತಿರಲಿ. ಅದು ನಿಮ್ಮ ನಡು ಹೆಜ್ಜೆ. ನನಗೆ ಅದು 75ರ ಹತ್ತಿರ ಬಂತು. ಅಲ್ಲಿಂದ ಮುಂದಿನ ಪಾದವನ್ನು ಒಂದು ಗೇಣು ಹಿಂದಕ್ಕೆ ಎಳೆದರೆ ಗಿಡ್ಡ ಹೆಜ್ಜೆ, ಸ್ವಲ್ಪ ಮುಂದಕ್ಕೆ ಸರಿಸಿದರೆ ಉದ್ದ ಹೆಜ್ಜೆ.

ಮೊದಲ ನಾಲ್ಕು ವಾರ ಗಿಡ್ಡ ಹೆಜ್ಜೆ. ಕೆಳಗಿಳಿದಾಗ ಮುಂದಿನ ಮೊಣಕಾಲು ಬೆರಳ ತುದಿಯನ್ನು ತುಸು ದಾಟುತ್ತಿತ್ತು, ಪಾದದ ನಡುವಿನಲ್ಲಿ ಒತ್ತಡ ಗೊತ್ತಾಗುತ್ತಿತ್ತು. ಏಳನೆಯದಕ್ಕೋ ಎಂಟನೆಯದಕ್ಕೋ ತೊಡೆಯ ಮುಂಭಾಗ, ಅದರಲ್ಲೂ ಚಿಪ್ಪಿನ ಮೇಲಿನ ಒಳಬದಿ, ಉರಿಯಲು ಶುರು. ಮರುದಿನ ನೋವು ಅಲ್ಲೇ. ಮೊಣಕಾಲು ಬೆರಳು ದಾಟಲೇಬಾರದು ಎಂದು ಹೆದರಿಸುವವರಿದ್ದಾರೆ. ಆ ಹೆದರಿಕೆ ನನಗಿಲ್ಲ, ಮೆಟ್ಟಿಲು ಇಳಿಯುವಾಗ ಎಲ್ಲರದ್ದೂ ದಾಟುತ್ತದೆ. ಆದರೆ ಈಗಾಗಲೇ ನೋಯುತ್ತಿರುವ ಚಿಪ್ಪಿಗೆ ಇದು ಹೆಚ್ಚಾಯಿತು. ಮೂರನೇ ವಾರ ಕದ್ರಿಯ ಮೆಟ್ಟಿಲು ಇಳಿಯುವಾಗ ಅರ್ಧ ದಾರಿಯಲ್ಲೇ ಹಿಡಿದುಕೊಳ್ಳಲು ಕಂಬಿ ಹುಡುಕಿದೆ. ಕ್ವಾಡ್ಸ್ ಎಷ್ಟು ಜೋರಾಗಿ ಎಳೆಯುತ್ತದೋ ಅಷ್ಟು ಜೋರಾಗಿ ಚಿಪ್ಪು ತೊಡೆಯೆಲುಬಿಗೆ ಒತ್ತುತ್ತದೆ, ಮೊಣಕಾಲು ಮಡಚಿದಷ್ಟೂ ಆ ಒತ್ತು ಏರುತ್ತದೆ. ಗಿಡ್ಡ ಹೆಜ್ಜೆಯಲ್ಲಿ ಇವೆರಡೂ ಒಟ್ಟಿಗೇ ಬರುತ್ತವೆ.

ಆಮೇಲೆ ಉದ್ದ ಹೆಜ್ಜೆ. ಚಿಪ್ಪಿನ ಚುಚ್ಚು ಮೊದಲ ವಾರವೇ ಇಳಿಯಿತು. ಆದರೆ ಗ್ಲೂಟ್ಸ್‌ಗೆ ಬರಬೇಕಾದ ಕೆಲಸ ಬರಲಿಲ್ಲ. ಹೇಳಿದ ಹಾಗೆ ಎದೆ ನೆಟ್ಟಗೆ ಇಟ್ಟಿದ್ದೆ. ಸುಸ್ತಾದದ್ದು ಹಿಂದಿನ ಕಾಲು: ಅದರ ತೊಡೆಸಂದು ಎಳೆದ ಹಗ್ಗದಂತೆ ಬಿಗಿಯುತ್ತಿತ್ತು, ಜೊತೆಗೆ ಕೆಳಬೆನ್ನು ಒಳಕ್ಕೆ ಬಾಗಿ ಹಿಡಿಯುತ್ತಿತ್ತು. ತೊಡೆಸಂದಿನ ಮುಂದಿನ ಸ್ನಾಯು ಎಳೆತದ ಕೊನೆ ಮುಟ್ಟಿದಾಗ ಸೊಂಟದ ಎಲುಬನ್ನು ಮುಂದಕ್ಕೆ ಬಗ್ಗಿಸುತ್ತದೆ, ಬೆನ್ನು ಅದರ ಬೆಲೆ ಕೊಡುತ್ತದೆ. ಪಕ್ಕೆಲುಬು ಮುಂದೆ ಉಬ್ಬಿದರೆ ಇದೇ ಆಗುತ್ತಿದೆ ಎಂದು ತಿಳಿಯಿರಿ.

ಫಿಸಿಯೋಥೆರಪಿ ಕೆಲಸದಲ್ಲಿರುವ ಅತ್ತಿಗೆ ಒಂದು ಸಂಜೆ ಮನೆಗೆ ಬಂದವರು ನಾನು ಮಾಡುವುದನ್ನು ನೋಡಿ ನಿಂತರು. “ಮೊಣಕಾಲು ಬೆರಳು ದಾಟಿತಾ ಇಲ್ವಾ ಅಂತ ಮಾತ್ರ ನೋಡ್ತಾ ಇದ್ರೆ ಆಗ್ಲಿಕ್ಕಿಲ್ಲ,” ಎಂದರು. “ನಿನ್ನ ಎದೆ ಎಲ್ಲಿ ಉಂಟು ನೋಡು. ಎರಡು ಕಾಲಿನ ಸರೀ ಮಧ್ಯದಲ್ಲಿ ಉಂಟು. ಮುಂದಿನ ಕಾಲಿಗೆ ಭಾರವೇ ಬೀಳ್ತಾ ಇಲ್ಲ.”

ಅಳೆಯದೆ ನಂಬುವುದು ಬೇಡ ಎಂದು ಅಟ್ಟದ ಮೇಲಿದ್ದ ಹಳೆಯ ಮುಳ್ಳಿನ ತೂಕದ ಯಂತ್ರ ಇಳಿಸಿದೆವು. ಡಿಜಿಟಲ್ ಯಂತ್ರದ ಅಂಕಿ ಒಂದು ಕಡೆ ನಿಂತುಬಿಡುತ್ತದೆ, ಈ ಕೆಲಸಕ್ಕೆ ಮುಳ್ಳಿನದ್ದೇ ಬೇಕು. ಮುಂದಿನ ಪಾದದ ಅಡಿಗೆ ಯಂತ್ರ, ಹಿಂದಿನ ಪಾದದ ಅಡಿಗೆ ಅಷ್ಟೇ ದಪ್ಪದ ಹಲಗೆ. ಡಂಬಲ್ ಇಲ್ಲದೆ ಕೆಳಗಿಳಿದು, ಹಿಂದಿನ ಮೊಣಕಾಲು ನೆಲಕ್ಕೆ ಎರಡು ಬೆರಳು ಮೇಲಿರುವಾಗ ತಡೆದು ನಿಂತೆ. ಅತ್ತಿಗೆ ಮುಳ್ಳು ಓದಿದರು. ಗಿಡ್ಡ ಹೆಜ್ಜೆಯಲ್ಲಿ 42 ಕಿಲೋ. ಉದ್ದ ಹೆಜ್ಜೆ, ಎದೆ ನೆಟ್ಟಗೆ: 38. ಅದೇ ಉದ್ದ ಹೆಜ್ಜೆಯಲ್ಲಿ ಸೊಂಟದಿಂದ ತುಸು ಮುಂದಕ್ಕೆ ಬಾಗಿದಾಗ: 45. ಹೆಜ್ಜೆ ಉದ್ದ ಮಾಡಿದ್ದರಿಂದ ಮುಂದಿನ ಕಾಲಿನ ಪಾಲು ಕಡಿಮೆಯೇ ಆಗಿತ್ತು!

ಆಮೇಲೆ ಪಕ್ಕದಿಂದ ಫೋಟೋ ತೆಗೆದು ಗೆರೆ ಹಾಕಿ ನೋಡಿದೆ. ನನಗೆ ಈ ಇಡೀ ವಿಷಯ ಬಿಚ್ಚಿಕೊಂಡದ್ದು ಅಲ್ಲಿ. ತೊಡೆ ಅಡ್ಡವಾಗಿ ನಿಂತಾಗ, ಪಾದದಡಿ ಒತ್ತಡ ಎಲ್ಲಿದೆಯೋ ಅಲ್ಲಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆ ತೊಡೆಯನ್ನು ಎರಡು ಪಾಲು ಮಾಡುತ್ತದೆ. ಗೆರೆಯಿಂದ ಮೊಣಕಾಲಿಗಿರುವ ದೂರ ಕ್ವಾಡ್ಸ್‌ನ ಪಾಲು, ಗೆರೆಯಿಂದ ಸೊಂಟದ ಕೀಲಿಗಿರುವ ದೂರ ಗ್ಲೂಟ್ಸ್ ಮತ್ತು ಅದರ ಜೊತೆಗಾರರ ಪಾಲು. ಬಾವಿಯ ರಾಟೆ ತಿರುಗಿಸುವ ಹಿಡಿ ಉದ್ದವಿದ್ದಷ್ಟೂ ತಿರುಗಿಸುವ ಬಲ ಹೆಚ್ಚಲ್ಲವೇ, ಹಾಗೆ: ದೂರ ಹೆಚ್ಚಿದ್ದಷ್ಟೂ ಆ ಕೀಲನ್ನು ಮಡಚುವ ಬಲ ಹೆಚ್ಚು, ಅದನ್ನು ತಡೆಯುವ ಸ್ನಾಯುವಿಗೆ ಕೆಲಸ ಹೆಚ್ಚು. ತೊಡೆ ಬೆಳೆಯುವುದಿಲ್ಲ, ಆದ್ದರಿಂದ ಒಂದು ಪಾಲು ಕುಗ್ಗಿದಷ್ಟು ಇನ್ನೊಂದು ಹಿಗ್ಗುತ್ತದೆ.

ಗಿಡ್ಡ ಹೆಜ್ಜೆಯಲ್ಲಿ ಗೆರೆ ಪಾದದ ನಡುವಿನಿಂದ ಏಳುತ್ತದೆ. ನನ್ನ 42 ಸೆಂ.ಮೀ. ತೊಡೆ ಹೆಚ್ಚುಕಡಿಮೆ 14 ಮತ್ತು 28 ಆಗಿ ಒಡೆಯಿತು. ಉದ್ದ ಹೆಜ್ಜೆಯಲ್ಲಿ ಒತ್ತಡ ಹಿಮ್ಮಡಿಗೆ ಸರಿದು, ಮೊಣಕಾಲು ಪಾದದ ಗಂಟಿನ ಮೇಲೆಯೇ ನಿಂತದ್ದರಿಂದ 6 ಮತ್ತು 36. ಇದನ್ನು ಮುಳ್ಳು ತೋರಿಸಿದ ಕಿಲೋಗೆ ಗುಣಿಸಿ. ಗಿಡ್ಡ ಹೆಜ್ಜೆ: ಮೊಣಕಾಲಿಗೆ 588, ಸೊಂಟದ ಕೀಲಿಗೆ 1176. ಉದ್ದ ಹೆಜ್ಜೆ, ಎದೆ ನೆಟ್ಟಗೆ: 228 ಮತ್ತು 1368. ಉದ್ದ ಹೆಜ್ಜೆ, ಮುಂದೆ ಬಾಗಿ: 270 ಮತ್ತು 1620. ಇದು ಫೋಟೋದ ಮೇಲಿನ ಒರಟು ಲೆಕ್ಕ, ಕಾಲಿನದೇ ತೂಕವೂ ಪಾದ ನೆಲವನ್ನು ಮುಂದಕ್ಕೆ ತಳ್ಳುವ ಬಲವೂ ಇದರಲ್ಲಿ ಸೇರಿಲ್ಲ. ಆದರೂ ಸಂಗತಿ ಎದ್ದು ಕಾಣುತ್ತದೆ. ಹೆಜ್ಜೆ ಉದ್ದ ಮಾಡಿದ್ದು ಮೊಣಕಾಲಿನ ಭಾರವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಸೊಂಟದ ಕೀಲಿನ ಭಾರವನ್ನು ಮಾತ್ರ ಆರನೇ ಒಂದು ಪಾಲು ಏರಿಸಿತು, ಅಷ್ಟೇ. ಗಿಡ್ಡ ಹೆಜ್ಜೆಯಲ್ಲೂ ಸೊಂಟದ ಕೀಲಿಗೆ ಮೊಣಕಾಲಿನ ಇಮ್ಮಡಿ ಭಾರ ಇದ್ದೇ ಇತ್ತು. ಹಾಗಾಗಿ ಹೆಜ್ಜೆಯ ಉದ್ದವನ್ನು ನಾನು ಈಗ ಗ್ಲೂಟ್ಸ್‌ನ ಕೆಲಸ ಏರಿಸಿ ಇಳಿಸುವ ಗುಂಡಿ ಎಂದು ನೋಡುವುದಿಲ್ಲ. ಅದು ಮೊದಲು ಕ್ವಾಡ್ಸ್‌ನ ಗುಂಡಿ. ಗ್ಲೂಟ್ಸ್‌ಗೆ ಹೆಚ್ಚು ಬೇಕಿದ್ದರೆ ಎದೆಯೂ ಮುಂದೆ ಬರಬೇಕು.

ಬಾಗುವುದೆಂದರೆ ಬೆನ್ನು ಗೂನು ಮಾಡುವುದಲ್ಲ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿದ್ದು, ಆ ಗೆರೆ ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ ವಾಲಿದಷ್ಟು ಮುಂದೆ ವಾಲಿದರೆ ಸಾಕು. ಹಾಗೆ ಬಾಗಿದ ಕೂಡಲೇ ಹಿಂದಿನ ತೊಡೆಸಂದಿನ ಎಳೆತ, ಬೆನ್ನಿನ ಹಿಡಿತ ಎರಡೂ ಸಡಿಲಾದವು. ಮರುದಿನ ನೋವು ಬಂದದ್ದು ಕೂರುವ ಜಾಗದ ಕೆಳ ಮಡಿಕೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ತೊಡೆಯ ಒಳಭಾಗದಲ್ಲಿ. ತೆಂಗಿನಕಾಯಿ ತುರಿಯಲು ಕೂತ ಮಣೆಯಿಂದ ಏಳುವಾಗ ಚೆನ್ನಾಗಿ ಗೊತ್ತಾಯಿತು. ಒಳತೊಡೆ ನೊಂದರೆ ತಪ್ಪು ಮಾಡಿದೆ ಎಂದುಕೊಳ್ಳಬೇಡಿ. ತೊಡೆ ಇಷ್ಟು ಮಡಚಿದ ಸ್ಥಿತಿಯಿಂದ ಮೇಲೇಳಲು ಅಲ್ಲಿರುವ ಅಡಕ್ಟರ್ ಮ್ಯಾಗ್ನಸ್ ಎಂಬ ದೊಡ್ಡ ಸ್ನಾಯು ಗ್ಲೂಟ್ಸ್‌ಗೆ ಹೆಗಲು ಕೊಡುತ್ತದೆ. ಸೊಂಟದ ಕೀಲಿಗೆ ಬಿದ್ದ ಭಾರವೆಲ್ಲ ಗ್ಲೂಟ್ಸ್‌ಗೇ ಹೋಗುತ್ತದೆ ಎಂದು ಯಾರೂ ಲೆಕ್ಕ ಹಾಕಬಾರದು.

ಉದ್ದ ಹೆಜ್ಜೆಗೆ ಇನ್ನೊಂದು ತೊಡಕು ಉಂಟು, ನಮ್ಮ ಕರಾವಳಿಯವರಿಗೆ ಮುಖ್ಯವಾದದ್ದು. ಕಾಲು ಅಗಲಿಸಿದಷ್ಟೂ ಮುಂದಿನ ಪಾದ ನೆಲವನ್ನು ಕೆಳಕ್ಕೆ ಮಾತ್ರವಲ್ಲ, ಮುಂದಕ್ಕೂ ತಳ್ಳುತ್ತದೆ. ಆಟಿಯ ಮಳೆಯಲ್ಲಿ ಟೈಲ್ಸ್ ಬೆವರಿ ಜಿಡ್ಡಾಗಿರುತ್ತದಲ್ಲ, ಅದರ ಮೇಲೆ ಎರಡನೇ ಸೆಟ್‌ನಲ್ಲಿ ನನ್ನ ಹಿಮ್ಮಡಿ ಸರ್ರನೆ ಅರ್ಧ ಅಡಿ ಜಾರಿತು. ಒಳತೊಡೆ ಎರಡು ದಿನ ಹಿಡಿದುಕೊಂಡಿತ್ತು. ಅಂದಿನಿಂದ ರಬ್ಬರ್ ಚಾಪೆ ಇಲ್ಲದೆ ಉದ್ದ ಹೆಜ್ಜೆ ಹಾಕುವುದಿಲ್ಲ. ಗಿಡ್ಡ ಹೆಜ್ಜೆಯಲ್ಲಿ ಅದೇ ಟೈಲ್ಸ್ ಮೇಲೆ ಒಂದು ದಿನವೂ ಜಾರಿರಲಿಲ್ಲ. ಅದರ ಕಷ್ಟ ಬೇರೆ: ಪಾದದ ಗಂಟು ಸಾಕಷ್ಟು ಮಡಚದವರಿಗೆ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಎದ್ದರೆ ಗೆರೆ ಇನ್ನೂ ಮುಂದಕ್ಕೆ, ಬೆರಳ ಬುಡಕ್ಕೆ ಹೋಗಿ, ಕಾಲು ಅಲುಗಾಡತೊಡಗುತ್ತದೆ. ಹಿಮ್ಮಡಿಯಡಿ ಒಂದು ಕಾಗದ ಇಟ್ಟು ಯಾರಾದರೂ ಎಳೆದಾಗ ಸಲೀಸಾಗಿ ಬಂದರೆ ಹೆಜ್ಜೆ ನಿಮಗೆ ತೀರಾ ಗಿಡ್ಡವಾಯಿತು.

ನೋವಿದ್ದ ದಿನಗಳಿಗೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಉದ್ದ ಹೆಜ್ಜೆ, ಎದೆ ತುಸು ಮುಂದೆ. ಎಂಟನೇ ವಾರದ ಕೊನೆಗೆ ಕದ್ರಿಯ ಮೆಟ್ಟಿಲನ್ನು ಕಂಬಿ ಮುಟ್ಟದೆ ಇಳಿದೆ. ಆದರೆ ಅಲ್ಲೇ ನಿಂತುಬಿಡುವುದು ಸರಿಯಲ್ಲ ಎಂದು ಅದೇ ವಾರ ಗೊತ್ತಾಯಿತು. ಪ್ಲಾಸ್ಟಿಕ್ ಕುರ್ಚಿಯಿಂದ ಒಂದೇ ಕಾಲಲ್ಲಿ ಏಳುವುದನ್ನು ಆಗಾಗ ಎಣಿಸುತ್ತಿದ್ದೆ: ಬಲಗಾಲಿನಲ್ಲಿ ಒಂಬತ್ತು, ಎಡಗಾಲಿನಲ್ಲಿ ಐದು. ನೋವು ಹೋದ ಮೇಲೂ ಎಡದ್ದು ಐದೇ. ಮೊಣಕಾಲಿನ ಭಾರ ತೆಗೆದದ್ದರಿಂದ ಚಿಪ್ಪಿಗೆ ವಿಶ್ರಾಂತಿ ಸಿಕ್ಕಿತು, ಆದರೆ ಕ್ವಾಡ್ಸ್‌ಗೆ ಬೆಳೆಯಲು ಬೇಕಾದ ಕೆಲಸವೂ ಸಿಗಲಿಲ್ಲ. ಮೆಟ್ಟಿಲು ಇಳಿಯುವಾಗ ಮೈಯನ್ನು ತಡೆದು ಹಿಡಿಯುವುದು ಅದೇ ಸ್ನಾಯು.

ಈಗ ಹೆಜ್ಜೆಯನ್ನು ವಾರಕ್ಕೆ ಐದು ಸೆಂ.ಮೀ. ಹಿಂದಕ್ಕೆ ತರುತ್ತಿದ್ದೇನೆ, ಡಂಬಲ್ ಇಲ್ಲದೆ. ಚುಚ್ಚು ಬಂದರೂ ಮರುದಿನ ಬೆಳಿಗ್ಗೆಯೊಳಗೆ ಮಾಯವಾದರೆ ಮುಂದಿನ ವಾರ ಇನ್ನೊಂದು ಐದು. ಉಳಿದರೆ ಹಿಂದಿನ ಟೇಪಿಗೇ ವಾಪಸ್. 90ರಿಂದ ಹೊರಟದ್ದು 70ಕ್ಕೆ ಬಂದಿದೆ, ಎಡಗಾಲಿನ ಎಣಿಕೆ ಏಳಕ್ಕೆ ಏರಿದೆ. ನೆಲದ ಮೇಲೆ ಐದು ಟೇಪ್ ಸಾಲಾಗಿ ಉಂಟು, ಗುಡಿಸಲು ಬರುವ ಅಕ್ಕನಿಗೆ ಅವನ್ನು ಕೀಳಬೇಡಿ ಎಂದು ಹೇಳಿಟ್ಟಿದ್ದೇನೆ.