ಮೂವತ್ತು ಚೌಕವೋ, ನಾಲ್ಕು ಸಾಲೋ: ಟ್ಯೂಷನ್ ಹೇಳುವವರಿಗೆ ಯಾವ ಪೋಸ್ಟ್ ಕ್ಯಾಲೆಂಡರ್ ಒಗ್ಗುತ್ತದೆ?

ಹೊಸ ಮಕ್ಕಳು ಟ್ಯೂಷನ್ನಿಗೆ ಸೇರಲಿ ಅಂತ ಆನ್‌ಲೈನಿನಲ್ಲಿ ಯಾವ ಪೋಸ್ಟ್ ಯಾವಾಗ ಹಾಕಬೇಕು ಅಂತ ಬರೆದಿಡೋಕೆ, ಮೊದಲೇ ಹೇಳಿಬಿಡುತ್ತೇನೆ, ನನಗೆ ಒಗ್ಗಿದ್ದು ನಾಲ್ಕು ಸಾಲಿನ ಸಾದಾ ಶೀಟು. ಅದಕ್ಕೂ ಮೊದಲು ದುಡ್ಡು ಕೊಟ್ಟು ತಗೊಂಡ ಮೂವತ್ತು ದಿನದ ಟೆಂಪ್ಲೇಟ್ ಬಳಸಿದೆ. ಕಾರ್ಡುಗಳನ್ನು ಎಳೆದು ತಾರೀಖಿನ ಮೇಲೆ ಕೂರಿಸುವ ಪ್ಲ್ಯಾನರ್ ಆ್ಯಪ್ ಕೂಡ ಬಳಸಿದೆ. ನಾನು ಮನೆಯಲ್ಲೇ ಗಣಿತ ಹೇಳಿಕೊಡುವವಳು. ಸಂಜೆಯೆಲ್ಲ ಪಾಠ, ರಾತ್ರಿ ಟೆಸ್ಟ್ ಪೇಪರ್ ತಿದ್ದುವುದು. ಪೋಸ್ಟ್ ಹಾಕೋಕೆ ಅಂತ ಸಿಗುವುದು ವಾರದ ಕೊನೆಯಲ್ಲಿ ಒಂದಿಷ್ಟು ಹೊತ್ತು, ಅದೂ ಗ್ಯಾರಂಟಿ ಇಲ್ಲ. ಇಷ್ಟೇ ಸಮಯ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಟೆಂಪ್ಲೇಟ್ ನೋಡೋಕೆ ಚೆಂದ ಇತ್ತು. ಮೂವತ್ತು ಚೌಕ, ಒಂದೊಂದರಲ್ಲೂ ಒಂದು ಐಡಿಯಾ: 'ನಿಮ್ಮ ಪರಿಚಯ ಹೇಳಿ', 'ಸ್ಫೂರ್ತಿಯ ಮಾತು', 'ನಿಮ್ಮ ಟೇಬಲ್ ಫೋಟೊ'. ಅಂಗಡಿಯವರಿಗೂ ಅದೇ, ಜಿಮ್ ನಡೆಸುವವರಿಗೂ ಅದೇ. ಮಗುವಿಗೆ ಭಿನ್ನರಾಶಿ ಯಾಕೆ ಬರ್ತಿಲ್ಲ ಅಂತ ತಲೆ ಕೆಡಿಸಿಕೊಂಡಿರುವ ತಾಯಿಗೆ ನನ್ನ ಟೇಬಲ್ ಫೋಟೊದಿಂದ ಏನು ಸಿಗುತ್ತೆ? ಆದರೂ ಇದು ಸಣ್ಣ ತೊಂದರೆ, ಐಡಿಯಾ ಬದಲಾಯಿಸಿಕೊಳ್ಳಬಹುದು.

ದೊಡ್ಡ ಕಿರಿಕಿರಿ ತಾರೀಖಿನದು. ಟೆಂಪ್ಲೇಟಿನಲ್ಲಿ ಒಂದೊಂದು ಚೌಕಕ್ಕೂ ಒಂದೊಂದು ದಿನ ಅಂಟಿಕೊಂಡಿರುತ್ತದೆ. ಒಂಬತ್ತನೇ ತಾರೀಖು ಒಬ್ಬ ಹುಡುಗನಿಗೆ ಮರುದಿನ ಟೆಸ್ಟ್ ಅಂತ ಪಾಠ ಒಂದು ಗಂಟೆ ಜಾಸ್ತಿ ಹೋಯಿತು ಅಂದುಕೊಳ್ಳಿ, ಆ ದಿನದ ಚೌಕ ಖಾಲಿ. ಹತ್ತನೇ ತಾರೀಖು ಒಂಬತ್ತರದ್ದು ಹಾಕಬೇಕಾ, ಹತ್ತರದ್ದು ಹಾಕಬೇಕಾ? ಸರಣಿ ಪೋಸ್ಟ್ ಆಗಿದ್ದರೆ ಮುಂದಿನ ಚೌಕಗಳನ್ನೆಲ್ಲ ಒಂದೊಂದು ದಿನ ಸರಿಸಬೇಕು. ಹೀಗೆ ಮೂರ್ನಾಲ್ಕು ಸಲ ಸರಿಸಿದ ಮೇಲೆ ಪೋಸ್ಟ್ ಮಾಡೋಕೆ ಇದ್ದ ಸಮಯವೆಲ್ಲ ಕ್ಯಾಲೆಂಡರ್ ರಿಪೇರಿಗೇ ಹೋಗುತ್ತದೆ.

ಇದರಲ್ಲಿ ಇನ್ನೊಂದು ಗಂಟು ಇದೆ, ಟ್ಯೂಷನ್ ಹೇಳುವವರಿಗಷ್ಟೇ ಇರುವಂಥದ್ದು. ಪೋಷಕರು ಟೀಚರ್ ಹುಡುಕುವುದು ಪರೀಕ್ಷೆ ಹತ್ತಿರ ಬಂದಾಗ, ಇಲ್ಲವೇ ಮಾರ್ಕ್ಸ್ ಕಾರ್ಡ್ ಕೈಗೆ ಬಂದಾಗ. ಪರೀಕ್ಷೆ ಹತ್ತಿರ ಬಂದಾಗಲೇ ನಮಗೆ ಉಸಿರಾಡೋಕೂ ಪುರುಸೊತ್ತಿರಲ್ಲ, ಅಲ್ವಾ? ಜನ ಜಾಸ್ತಿ ನೋಡುವ ವಾರವೇ ನಾವು ಏನೂ ಮಾಡಲಾಗದ ವಾರ. ಎಲ್ಲ ದಿನಕ್ಕೂ ಒಂದೇ ಅಳತೆಯ ಚೌಕ ಕೊಡುವ ಕ್ಯಾಲೆಂಡರಿಗೆ ಇದು ಗೊತ್ತಾಗುವುದೇ ಇಲ್ಲ. ನಮಗೆ ಬೇಕಿರುವುದು ಬಿಡುವಿನ ವಾರದಲ್ಲಿ ಮಾಡಿಟ್ಟು, ಬಿಡುವಿಲ್ಲದ ವಾರದಲ್ಲಿ ಹೊರಬಿಡುವ ಏರ್ಪಾಡು.

ಪ್ಲ್ಯಾನರ್ ಆ್ಯಪ್ ಈ ವಿಷಯದಲ್ಲಿ ವಾಸಿ. ಕಾರ್ಡನ್ನು ಎಳೆದರೆ ಸರಿಯುತ್ತದೆ. ಆದರೆ ಫೋನಿನ ಪುಟ್ಟ ಪರದೆಯಲ್ಲಿ ತಿಂಗಳಿಡೀ ಕಾಣಿಸುವಂತೆ ಇಟ್ಟರೆ ಕಾರ್ಡಿನ ಹೆಸರು ಅರ್ಧಕ್ಕೆ ತುಂಡಾಗುತ್ತದೆ, ದೊಡ್ಡದು ಮಾಡಿದರೆ ತಿಂಗಳು ಕಾಣಲ್ಲ. ಲೇಬಲ್ಲು, ಬಣ್ಣ, ಚೆಕ್‌ಲಿಸ್ಟ್ ಅಂತ ಹೊಂದಿಸುತ್ತಾ ಕೂತರೆ ಕೆಲಸ ಆದ ಹಾಗೆ ಅನ್ನಿಸುತ್ತದೆ, ಆದರೆ ಪೋಸ್ಟ್ ಒಂದೂ ತಯಾರಾಗಿರಲ್ಲ.

ಈಗ ನನ್ನ ಶೀಟಿಗೆ ಬರ್ತೀನಿ. ತಿಂಗಳಿಗೆ ನಾಲ್ಕು ಸಾಲು, ವಾರಕ್ಕೊಂದು. ತಾರೀಖು ಇಲ್ಲ, ವಾರ ಮಾತ್ರ. ಕಾಲಂ ಐದು: ಯಾವ ಡೌಟು, ಯಾರಿಗೆ (ಮಕ್ಕಳಿಗೋ ಪೋಷಕರಿಗೋ), ಏನೇನು ಮಾಡಬೇಕು, ಆಯಿತಾ, ಯಾರಾದರೂ ಕೇಳಿದರಾ. ಮೊದಲನೇ ಕಾಲಂ ಪಾಠದಿಂದಲೇ ತುಂಬುತ್ತದೆ. ಮಕ್ಕಳು ಬ್ಯಾಗ್ ತುಂಬಿಕೊಳ್ಳುವಾಗ, ಅವತ್ತು ಎಡವಿದ ಜಾಗವನ್ನು ಒಂದು ಸಾಲಲ್ಲಿ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ತಿಂಗಳ ಕೊನೆಗೆ ಆ ಪಟ್ಟಿಯಿಂದ ನಾಲ್ಕನ್ನು ಆರಿಸಿದರೆ ಕ್ಯಾಲೆಂಡರ್ ರೆಡಿ. ಒಂದೇ ಡೌಟು ಇಬ್ಬರು ಮೂವರಿಗೆ ಬಂದಿದ್ದರೆ ಅದಕ್ಕೇ ಮೊದಲ ಜಾಗ.

ಒಂದು ತಿಂಗಳದ್ದು ಹೇಳುತ್ತೇನೆ. ಮೊದಲ ಸಾಲು: 1/2 + 1/3 = 2/5 ಅಂತ ಬರೆಯುವ ತಪ್ಪು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಬಿಡ್ತಾರೆ. ಇದಕ್ಕೆ ನಿಯಮ ಹೇಳುವ ಬದಲು ಒಂದೇ ಪ್ರಶ್ನೆ ಕೇಳಿದೆ: 2/5 ಅನ್ನುವುದು ಅರ್ಧಕ್ಕಿಂತ ಜಾಸ್ತಿಯಾ, ಕಮ್ಮಿಯಾ? ಕಮ್ಮಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಗೋಕೆ ಹೇಗೆ ಸಾಧ್ಯ? ಆಮೇಲೆ 3/6 + 2/6 = 5/6 ಬರೆದು ತೋರಿಸಿದೆ. ಒಂದು ನಿಮಿಷದ ವಿಡಿಯೊ, ಕೈ ಮತ್ತು ಹಾಳೆ ಮಾತ್ರ ಕಾಣುವ ಹಾಗೆ. ಅದೇ ಹಾಳೆಯ ಫೋಟೊ ಎರಡನೇ ಪೋಸ್ಟ್. 'ಇದರಲ್ಲಿ ತಪ್ಪೆಲ್ಲಿ?' ಅನ್ನುವ ಪ್ರಶ್ನೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ. ಒಂದು ಡೌಟಿನಿಂದ ಮೂರು ಪೋಸ್ಟ್. ಸ್ಟೇಟಸ್ 24 ಗಂಟೆಗೆ ಮಾಯವಾಗುತ್ತೆ, ಹಾಗಾಗಿ ಅಲ್ಲಿ ಪ್ರಶ್ನೆ ಮಾತ್ರ. ಉತ್ತರ ಇರುವ ವಿಡಿಯೊ ಯಾವಾಗಲೂ ಉಳಿಯುವ ಕಡೆ.

ಎರಡನೇ ಸಾಲು –3² ಮತ್ತು (–3)², ಒಂದು –9, ಇನ್ನೊಂದು 9. ಮೂರನೆಯದು 20% ರಿಯಾಯಿತಿಯ ಮೇಲೆ ಮತ್ತೆ 20% ಕೊಟ್ಟರೆ ಒಟ್ಟು 40% ಯಾಕಾಗಲ್ಲ ಅನ್ನುವುದು. (100 ಇದ್ದದ್ದು 80, ಆಮೇಲೆ 64. ಅಂದರೆ 36%.) ನಾಲ್ಕನೆಯದು ಪೋಷಕರಿಗೆ: ಮನೆಯಲ್ಲಿ ಬರೋ ಲೆಕ್ಕ ಟೆಸ್ಟಿನಲ್ಲಿ ಯಾಕೆ ಬರಲ್ಲ? ಮನೆಯಲ್ಲಿ ಒಂದೇ ಅಧ್ಯಾಯದ ಲೆಕ್ಕಗಳನ್ನು ಸಾಲಾಗಿ ಮಾಡುತ್ತಾರೆ, ಯಾವ ವಿಧಾನ ಅಂತ ಯೋಚಿಸುವ ಅಗತ್ಯವೇ ಬೀಳಲ್ಲ. ಟೆಸ್ಟಿನಲ್ಲಿ ಎಲ್ಲ ಬೆರೆತಿರುತ್ತದೆ. ಬೇರೆ ಬೇರೆ ಅಧ್ಯಾಯದಿಂದ ಐದು ಲೆಕ್ಕ ಆರಿಸಿ ಕೊಡಿ ಅಂತ ಹೇಳಿದೆ. ನನ್ನ ಅನುಭವದಲ್ಲಿ ವಿಚಾರಿಸಿ ಮೆಸೇಜ್ ಮಾಡುವವರು ಜಾಸ್ತಿ ಬರುವುದು ಇಂಥ ಪೋಸ್ಟಿನಿಂದಲೇ. ಅದಕ್ಕೇ ಪ್ರತಿ ತಿಂಗಳು ಒಂದು ಸಾಲು ಪೋಷಕರಿಗೆ ಖಾಯಂ.

ನಾಲ್ಕೂ ವಿಡಿಯೊವನ್ನು ಒಂದೇ ಕೂತಲ್ಲಿ ತೆಗೆಯುವುದು. ಫೋನನ್ನು ಮೇಲಿನಿಂದ ಹಾಳೆ ಕಾಣುವ ಹಾಗೆ ಒಂದು ಸಲ ಕಟ್ಟಿದರೆ ಆಯಿತು, ಹೆಚ್ಚು ಸಮಯ ತಿನ್ನುವುದು ಈ ಕಟ್ಟುವ ಕೆಲಸವೇ. ಆಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಏರಿಸುವಾಗಲೇ ದಿನ, ಸಮಯ ಹಾಕಿಡಬಹುದು. ಅಲ್ಲಿಯವರೆಗೂ ವಿಡಿಯೊ ಪ್ರೈವೇಟ್ ಆಗಿಯೇ ಇರುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿಗೆ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಇದೇ ಸೌಲಭ್ಯ ಪುಕ್ಕಟೆ ಇದೆ. ಪರೀಕ್ಷೆಯ ವಾರ ನಾನು ಪಾಠದಲ್ಲಿ ಮುಳುಗಿದ್ದರೂ ಪೋಸ್ಟ್ ತನ್ನಷ್ಟಕ್ಕೆ ಹೋಗುತ್ತಿರುತ್ತದೆ.

ಒಂದು ಎಚ್ಚರಿಕೆ. ಮಗುವಿನ ನೋಟ್‌ಬುಕ್ಕಿನ ಫೋಟೊ ಹಾಕಬೇಡಿ. ಹೆಸರು ಮುಚ್ಚಿದರೂ ಕೈಬರಹ ಗೆಳೆಯರಿಗೆ ಗೊತ್ತಾಗುತ್ತದೆ, ಮಗುವಿಗೆ ಅವಮಾನ. ಅದೇ ತಪ್ಪನ್ನು ನೀವೇ ಹೊಸ ಹಾಳೆಯಲ್ಲಿ ಬರೆಯಿರಿ.

ಕೊನೇ ಕಾಲಂ ನನಗೆ ತುಂಬಾ ಮುಖ್ಯ. ಹೊಸಬರು ಫೋನ್ ಮಾಡಿದಾಗ 'ಎಲ್ಲಿ ನೋಡಿದಿರಿ?' ಅಂತ ಕೇಳಿ, ಆ ಸಾಲಿನ ಮುಂದೆ ಗುರುತು ಹಾಕುತ್ತೇನೆ. ಲೈಕ್ ಎಷ್ಟೇ ಬರಲಿ, ಈ ಕಾಲಂ ಮೂರು ತಿಂಗಳು ಖಾಲಿ ಉಳಿದ ಬಗೆಯ ಪೋಸ್ಟನ್ನು ಕೈಬಿಡುತ್ತೇನೆ.

ಶೀಟಿನಿಂದ ಆಗದ್ದೂ ಇದೆ. ವಾರಕ್ಕೊಂದು ವಿಷಯದಿಂದ ನೋಡುವವರ ಸಂಖ್ಯೆ ದಿಢೀರನೆ ಏರಲ್ಲ. ದಿನಾ ವಿಡಿಯೊ ಹಾಕಿ ಚಾನೆಲ್ಲೇ ದುಡಿಮೆ ಆಗಬೇಕು ಅನ್ನುವವರಿಗೆ ನಾಲ್ಕು ಸಾಲು ಯಾತಕ್ಕೂ ಸಾಲಲ್ಲ. ಎಡಿಟ್ ಮಾಡೋಕೆ ಇನ್ನೊಬ್ಬರು ಇದ್ದರೆ ಪ್ಲ್ಯಾನರ್ ಆ್ಯಪನ್ನೇ ತಗೊಳ್ಳಿ, ಯಾವ ವಿಡಿಯೊ ಯಾರ ಕೈಲಿ ನಿಂತಿದೆ ಅನ್ನುವುದು ಕಾರ್ಡಿನಲ್ಲಿ ಥಟ್ಟನೆ ಕಾಣುತ್ತದೆ. ನನ್ನ ಹಾಗೆ ಒಬ್ಬರೇ ಇದ್ದು, ಇನ್ನು ನಾಲ್ಕೈದು ಮಕ್ಕಳು ಸೇರಿದರೆ ಸಾಕು ಅನ್ನುವವರಿಗೆ ಶೀಟು ಧಾರಾಳ. ಮೂವತ್ತು ಚೌಕದ ಟೆಂಪ್ಲೇಟಿಗೆ ಮಾತ್ರ ಮತ್ತೆ ದುಡ್ಡು ಕೊಡಲ್ಲ.