ಮೂರು ಸೇವೆಗಳು ಬಾಗಿಲು ಹಾಕಿದವು, ಒಂದರ ಹಣ ಮಾತ್ರ ಮರಳಿತು

ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ಫೋಟೊ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶದ ಚಿತ್ರಗಳೇ ನಮ್ಮ ಜೀವನ. 2021 ಮತ್ತು 2022ರಲ್ಲಿ ರಿಯಾಯಿತಿ ಕಂಡು ಮೂರು ಆನ್‌ಲೈನ್ ಸೇವೆಗಳಿಗೆ ಮುಂಗಡವಾಗಿ ಹಣ ಕಟ್ಟಿದೆ. ಒಂದು, ಗ್ರಾಹಕರಿಗೆ ಆಲ್ಬಂ ತೋರಿಸುವ ಗ್ಯಾಲರಿಯ ಲೈಫ್‌ಟೈಮ್ ಡೀಲ್, ಅಂದರೆ ಒಮ್ಮೆ ಹಣ ಕಟ್ಟಿದರೆ ಸದಾ ಬಳಸಬಹುದು ಎನ್ನುವ ಯೋಜನೆ. ಇನ್ನೊಂದು, ಬಿಲ್ ಬರೆಯುವ ಸಾಫ್ಟ್‌ವೇರಿನ ಮೂರು ವರ್ಷದ ಯೋಜನೆ. ಮತ್ತೊಂದು, ಮಗಳ ಗಣಿತ ಪಾಠಕ್ಕೆ ಎರಡು ವರ್ಷದ ಚಂದಾ. 2023ರ ಬೇಸಿಗೆ ಮುಗಿಯುವಷ್ಟರಲ್ಲಿ ಮೂರೂ ನಿಂತುಹೋಗಿದ್ದವು. ಮೂರಕ್ಕೂ ಹಣ ವಾಪಸ್ ಕೇಳಿದೆ, ಒಂದೇ ಒಂದು ಕಡೆಯಿಂದ ಬಂತು. ಅದು ಅತ್ಯುತ್ತಮ ಕಂಪನಿಯಾಗಿತ್ತು ಎಂಬ ಕಾರಣಕ್ಕಲ್ಲ. ಕಂಪನಿ ಹೇಗಿದೆ ಎನ್ನುವುದಕ್ಕಿಂತ, ಹಣವನ್ನು ಯಾರಿಗೆ ಕಟ್ಟಿದೆ, ಯಾವ ದಾರಿಯಲ್ಲಿ ಕಟ್ಟಿದೆ, ಕಟ್ಟಿ ಎಷ್ಟು ದಿನವಾಯಿತು ಎಂಬುದರ ಮೇಲೆಯೇ ಎಲ್ಲವೂ ನಿಂತಿತ್ತು.

ಮೊದಲು ಹಣ ಮರಳಿದ ಯೋಜನೆಯ ವಿಷಯ, ಏಕೆಂದರೆ ಉಳಿದೆರಡನ್ನು ಅಳೆಯಲು ಅದೇ ಅಳತೆಗೋಲು.

ಬಿಲ್ ಸಾಫ್ಟ್‌ವೇರಿಗೆ 2022ರ ಮಾರ್ಚ್ 10ರಂದು ಕ್ರೆಡಿಟ್ ಕಾರ್ಡಿನಿಂದ ₹10,800 ಕಟ್ಟಿದ್ದೆ. ಹಣ ನೇರವಾಗಿ ಆ ಕಂಪನಿಗೇ ಹೋಗಿತ್ತು. 2023ರ ಏಪ್ರಿಲ್ 15ರಂದು ಸೇವೆ ನಿಂತಿತು. ಅದಕ್ಕೆ ಎರಡು ವಾರ ಮೊದಲು ಬಂದ ಮೇಲ್‌ನಲ್ಲಿ ದತ್ತಾಂಶ ಇಳಿಸಿಕೊಳ್ಳಿ ಎಂದಿತ್ತು, ಹಣದ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಂಥಲ್ಲಿ ಹಣ ಮರಳಿ ಪಡೆಯುವ ದಾರಿಗೆ ಬ್ಯಾಂಕಿನವರು ಹೇಳುವ ಹೆಸರು ಚಾರ್ಜ್‌ಬ್ಯಾಕ್. ಹಣ ಕೊಟ್ಟರೂ ಸೇವೆ ಸಿಗದಿದ್ದರೆ, ಕಾರ್ಡ್ ಕೊಟ್ಟ ಬ್ಯಾಂಕು ಅದನ್ನು ವ್ಯಾಪಾರಿಯ ಬ್ಯಾಂಕಿನಿಂದ ಮರಳಿ ಕೇಳುತ್ತದೆ. ವೀಸಾ ಕಾರ್ಡುಗಳಲ್ಲಿ ಸೇವೆ ಸಿಗಲಿಲ್ಲ ಎಂಬ ತಕರಾರಿಗೆ 13.1 ಎಂಬ ಸಂಕೇತವಿದೆ. ಕಂಪನಿ ಮುಳುಗಿದ್ದರೂ ಈ ದಾರಿ ಮುಚ್ಚುವುದಿಲ್ಲ. ವ್ಯಾಪಾರಿಯ ಖಾತೆಯಲ್ಲಿ ಹಣವಿಲ್ಲದಿದ್ದರೆ ಆ ನಷ್ಟವನ್ನು ಹೊರಬೇಕಾದದ್ದು ವ್ಯಾಪಾರಿಗೆ ಕಾರ್ಡ್ ಸೌಲಭ್ಯ ಒದಗಿಸಿದ ಬ್ಯಾಂಕು. ಮುಚ್ಚಿದ ಅಂಗಡಿಯಿಂದಲೂ ನಮ್ಮ ಹಣ ಮರಳುವುದಕ್ಕೆ ಇದೇ ಕಾರಣ.

ಆದರೆ ಇದಕ್ಕೆ ಎರಡು ಗಡುವುಗಳಿವೆ. ಸೇವೆ ನಿಂತ ದಿನದಿಂದ 120 ದಿನದೊಳಗೆ ತಕರಾರು ಸಲ್ಲಿಕೆಯಾಗಬೇಕು, ಹಾಗೆಯೇ ಹಣ ಕಟ್ಟಿದ ದಿನದಿಂದ 540 ದಿನ ದಾಟಿರಬಾರದು. ಮಾಸ್ಟರ್‌ಕಾರ್ಡಿನಲ್ಲೂ ಇವೇ ಸಂಖ್ಯೆಗಳು. ನನ್ನ ಲೆಕ್ಕದಲ್ಲಿ 120 ದಿನ ಮುಗಿಯುವುದು ಆಗಸ್ಟ್ 13ಕ್ಕೆ, 540 ದಿನ ಮುಗಿಯುವುದು ಸೆಪ್ಟೆಂಬರ್ 1ಕ್ಕೆ. ಸೇವೆ ನಿಂತಾಗ ಹಣ ಕಟ್ಟಿ 401 ದಿನವಾಗಿತ್ತು, ಹಾಗಾಗಿ ಎರಡೂ ಗಡುವಿನೊಳಗೆ ಇದ್ದೆ. ಇದೇ ಕಂಪನಿ ಇನ್ನೊಂದು ಐದು ತಿಂಗಳು ಉಸಿರು ಹಿಡಿದುಕೊಂಡು ಆಮೇಲೆ ಮುಚ್ಚಿದ್ದರೆ ನನಗೆ ಒಂದು ಪೈಸೆಯೂ ಬರುತ್ತಿರಲಿಲ್ಲ. ಇದನ್ನು ಯೋಚಿಸಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಪೂರ್ತಿ ಹಣ ಕೇಳುವಂತಿಲ್ಲ, ಬಳಸದೆ ಉಳಿದ ಭಾಗವನ್ನಷ್ಟೇ ಕೇಳಬೇಕು. ಮೂರು ವರ್ಷವೆಂದರೆ ಅಧಿಕ ವರ್ಷದ ದಿನವೂ ಸೇರಿ 1,096 ದಿನ. ಬಳಸಿದ್ದು 401, ಉಳಿದದ್ದು 695. ₹10,800ರಲ್ಲಿ ಆ ಪಾಲು ₹6,848. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಜೊತೆಗೆ ಯೋಜನೆಯ ಆರಂಭ ಮತ್ತು ಅಂತ್ಯದ ದಿನಾಂಕವಿರುವ ಬಿಲ್, ಸೇವೆ ನಿಲ್ಲಿಸುವ ಮೇಲ್, ಹಣ ವಾಪಸ್ ಕೇಳಿ ನಾನು ಕಳುಹಿಸಿದ ಮೇಲ್, ಲಾಗಿನ್ ಪುಟ ತೆರೆಯದ ಪರದೆಯ ಚಿತ್ರ, ಇಷ್ಟನ್ನು ಬ್ಯಾಂಕಿಗೆ ಕೊಟ್ಟೆ. ಕಂಪನಿಗೆ ಮೊದಲು ಬರೆದು ಕೇಳಿದ ದಾಖಲೆ ಇಲ್ಲದಿದ್ದರೆ ಬ್ಯಾಂಕು ಅದನ್ನೇ ಮೊದಲು ಕೇಳುತ್ತದೆ. ಫೋನಿನಲ್ಲಿ ಮಾತನಾಡಿದ ಅಧಿಕಾರಿ ಶುರುವಿನಲ್ಲಿ, "ವರ್ಷದ ಹಿಂದಿನ ವ್ಯವಹಾರ, ಈಗ ಆಗುವುದಿಲ್ಲ ಸಾರ್" ಎಂದರು. ವ್ಯವಹಾರದ ದಿನದಿಂದಲ್ಲ, ಸೇವೆ ನಿಂತ ದಿನದಿಂದ ಎಣಿಸಬೇಕು ಎಂದು ಬರಹದಲ್ಲಿ ತಿಳಿಸಿದ ಮೇಲೆ ತಕರಾರು ದಾಖಲಾಯಿತು. ತಾತ್ಕಾಲಿಕ ಜಮೆ ಹತ್ತು ದಿನದಲ್ಲಿ ಬಂತು. ಎದುರಿನವರು ಉತ್ತರವನ್ನೇ ಕೊಡಲಿಲ್ಲ, ಎರಡು ತಿಂಗಳ ಮೇಲೆ ಅದು ಖಾಯಂ ಆಯಿತು.

ಈ ಅಳತೆಗೋಲನ್ನು ಲೈಫ್‌ಟೈಮ್ ಡೀಲಿನ ಪಕ್ಕದಲ್ಲಿಟ್ಟು ನೋಡಿ. ಗ್ಯಾಲರಿಗೆ 59 ಡಾಲರ್ ಕೊಟ್ಟಿದ್ದೆ, ಆಗಿನ ಲೆಕ್ಕಕ್ಕೆ ಸುಮಾರು ₹4,500. ಇಂಥದ್ದಕ್ಕೆ ತಿಂಗಳಿಗೆ ₹800 ಕೊಡುವ ಗೆಳೆಯರಿದ್ದರು. ಬಾಗಿಲು ಹಾಕಿದ್ದು ಹದಿನೈದನೇ ತಿಂಗಳಿಗೆ, 540 ದಿನದೊಳಗೇ. ಕಾರ್ಡೂ ಅದೇ, ಬ್ಯಾಂಕೂ ಅದೇ. ಆದರೂ ತಕರಾರು ಬಿದ್ದುಹೋಯಿತು. ಕಾರಣ ನನಗೆ ಆಮೇಲೆ ಅರ್ಥವಾಯಿತು: ನಾನು ಹಣ ಕೊಟ್ಟದ್ದು ಗ್ಯಾಲರಿಯ ಕಂಪನಿಗಲ್ಲ, ಡೀಲ್ ಮಾರುವ ಜಾಲತಾಣಕ್ಕೆ. ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಇದ್ದದ್ದೂ ಅವರದೇ ಹೆಸರು. ಅವರು ಮಾರಿದ್ದು ಒಂದು ಕೂಪನ್ ಕೋಡ್. ಆ ಕೋಡ್ ನನ್ನ ಕೈ ಸೇರಿದ ದಿನಾಂಕ, ನಾನು ಅದನ್ನು ಬಳಸಿದ ದಾಖಲೆ, ಎರಡನ್ನೂ ಅವರು ಬ್ಯಾಂಕಿಗೆ ಕೊಟ್ಟರು. ಮಾರಿದ ವಸ್ತು ತಲುಪಿದೆ ಎಂದ ಮೇಲೆ ಸೇವೆ ಸಿಗಲಿಲ್ಲ ಎಂಬ ಮಾತು ನಿಲ್ಲಲಿಲ್ಲ.

ಇನ್ನೊಂದು ತೊಡಕು ಲೆಕ್ಕದ್ದು. ಮೂರು ವರ್ಷದ ಯೋಜನೆಯಲ್ಲಿ ಉಳಿದ ದಿನಗಳನ್ನು ಎಣಿಸಬಹುದು. ಲೈಫ್‌ಟೈಮ್ ಎಂದರೆ ಎಷ್ಟು ದಿನ? ಯಾರ ಲೈಫ್? ಹೆಚ್ಚಿನ ಕರಾರುಗಳಲ್ಲಿ ಅದು ಉತ್ಪನ್ನ ಮಾರುಕಟ್ಟೆಯಲ್ಲಿ ಇರುವವರೆಗೆ ಎಂದೇ ಬರೆದಿರುತ್ತದೆ. ಅಂಥ ಕರಾರಿನ ಪ್ರಕಾರ ಅಂಗಡಿ ಮುಚ್ಚಿದ ದಿನವೇ ಮಾತು ಪೂರ್ತಿ ನಡೆದಂತೆ. ಅವಧಿಯನ್ನು ಸಂಖ್ಯೆಯಲ್ಲೇ ಬರೆದು ಹೇಳುವವರೂ ಇದ್ದಾರೆ: ಕಡತ ಇಡುವ ಪಿಕ್ಲೌಡ್ ತನ್ನ ಕರಾರಿನಲ್ಲಿ ಅದನ್ನು 99 ವರ್ಷ ಅಥವಾ ಖಾತೆದಾರರ ಜೀವಿತಾವಧಿ, ಯಾವುದು ಕಡಿಮೆಯೋ ಅದು ಎಂದಿದೆ. ಇದು ಹಣ ಮರಳಿಸುವ ಖಾತರಿಯೇನಲ್ಲ, ಆದರೆ ಉಳಿದ ಪಾಲು ಎಷ್ಟು ಎಂದು ವಾದಿಸಲು ಕೈಯಲ್ಲೊಂದು ಸಂಖ್ಯೆಯಾದರೂ ಇರುತ್ತದೆ.

ಕಂಪನಿ ಮುಚ್ಚದೆಯೂ ಲೈಫ್‌ಟೈಮ್ ಮುಗಿಯಬಹುದು. ವಿಪಿಎನ್‌ಸೆಕ್ಯೂರ್ ಎಂಬ ಸೇವೆ 2023ರಲ್ಲಿ ಹೊಸ ಮಾಲೀಕರ ಕೈಗೆ ಹೋಯಿತು. 2025ರಲ್ಲಿ ಅವರು ಲೈಫ್‌ಟೈಮ್ ಖಾತೆಗಳನ್ನು ರದ್ದು ಮಾಡಿದರು. ಕೊಳ್ಳುವಾಗ ಇಂಥ ಖಾತೆಗಳಿರುವುದು ತಮಗೆ ಗೊತ್ತೇ ಇರಲಿಲ್ಲ ಎಂದು ವಿವರಣೆ ಕೊಟ್ಟರು. ಅದಕ್ಕೆ ಎಷ್ಟೋ ವರ್ಷ ಮೊದಲೇ ಹಣ ಕೊಟ್ಟವರಿಗೆ 540 ದಿನದ ಗಡುವು ಯಾವಾಗಲೋ ದಾಟಿಹೋಗಿತ್ತು.

ಹಾಗೆಂದು ಲೈಫ್‌ಟೈಮ್ ಡೀಲಿಗೆ ರಕ್ಷಣೆ ಇಲ್ಲವೇ ಇಲ್ಲ ಎಂದಲ್ಲ, ಅದು ಶುರುವಿನಲ್ಲೇ ಇದೆ. ಇಂಥ ಡೀಲುಗಳನ್ನು ಮಾರುವ ಆ್ಯಪ್‌ಸುಮೋ ಜಾಲತಾಣ ಅವುಗಳಿಗೆ 60 ದಿನ ಹಣ ವಾಪಸಿನ ಅವಕಾಶ ಕೊಡುತ್ತದೆ. ಆ 60 ದಿನದಲ್ಲಿ ನಾನು ಮಾಡಬೇಕಿದ್ದ ಕೆಲಸವೆಂದರೆ ಒಂದು ಇಡೀ ಮದುವೆಯ ಚಿತ್ರಗಳನ್ನು ಏರಿಸಿ, ಅವನ್ನು ಒಟ್ಟಿಗೆ ಮರಳಿ ಇಳಿಸಲು ಸಾಧ್ಯವೇ ಎಂದು ನೋಡುವುದು. ಗ್ಯಾಲರಿ ಮುಚ್ಚುವಾಗ ಕೊಟ್ಟ ಮೂವತ್ತು ದಿನದಲ್ಲಿ ಒಂದೊಂದೇ ಆಲ್ಬಂ ಇಳಿಸುತ್ತಾ ನಾಲ್ಕು ರಾತ್ರಿ ಕೂತಿದ್ದೇನೆ. ಮೂಲ ಚಿತ್ರಗಳು ನನ್ನ ಹಾರ್ಡ್ ಡಿಸ್ಕಿನಲ್ಲಿದ್ದವು, ಆದರೆ ಗ್ರಾಹಕರು ಗುರುತು ಮಾಡಿ ಆರಿಸಿದ ಪಟ್ಟಿಗಳು ಅಲ್ಲಿ ಮಾತ್ರ ಇದ್ದವು. ₹4,500 ಹೋದದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

ಮಗಳ ಗಣಿತ ಪಾಠದ ಸ್ಥಿತಿ ಬೇರೆಯೇ. ಅದು ನಮ್ಮ ದೇಶದ್ದೇ ಕಂಪನಿ. ₹12,000ವನ್ನು ಯುಪಿಐ ಮೂಲಕ ನನ್ನ ಬ್ಯಾಂಕ್ ಖಾತೆಯಿಂದಲೇ ಕಟ್ಟಿದ್ದೆ. ತಿಂಗಳಿಗೆ ₹500 ಬಿದ್ದಂತಾಯಿತು. ಹತ್ತು ತಿಂಗಳಿಗೆ ಪಾಠ ನಿಂತಿತು, ₹7,000 ಬಾಕಿ. ಬ್ಯಾಂಕಿನವರು ನೋಡಿ, ಹಣ ಸರಿಯಾದ ಖಾತೆಗೆ ಹೋಗಿದೆ, ವ್ಯವಹಾರ ಯಶಸ್ವಿಯಾಗಿದೆ ಎಂದರು. ಕಾರ್ಡಿನಲ್ಲಿ ನನಗೆ ಸಿಕ್ಕ ಆಸರೆ ಇಲ್ಲಿ ಸಿಗಲಿಲ್ಲ.

ಉಳಿದದ್ದು ಗ್ರಾಹಕ ಕಾನೂನು. 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆ. ತಿಂಗಳೊಳಗೆ ಹಣ ಮರಳಿಸುತ್ತೇವೆ ಎಂದು ಕಂಪನಿಯಿಂದ ಉತ್ತರ ಬಂತು, ಹಣ ಬರಲಿಲ್ಲ. ಸಹಾಯವಾಣಿ ಮಧ್ಯಸ್ಥಿಕೆ ವಹಿಸಬಲ್ಲದು, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆದೇಶ ಕೊಡುವುದು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕಂಪನಿ ಇನ್ನೂ ನಡೆಯುತ್ತಿದ್ದು ಒಂದು ಸೇವೆಯನ್ನಷ್ಟೇ ನಿಲ್ಲಿಸಿದ್ದರೆ ಇದು ಗಟ್ಟಿ ದಾರಿ.

ನಾನು ಕಾಗದ ಸಿದ್ಧ ಮಾಡುವಷ್ಟರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಅರ್ಜಿ ಒಪ್ಪಿಕೊಂಡ ಕೂಡಲೇ ದಿವಾಳಿ ಸಂಹಿತೆಯ 14ನೇ ಕಲಮಿನಂತೆ ಆ ಕಂಪನಿಯ ವಿರುದ್ಧದ ವ್ಯಾಜ್ಯ, ವಸೂಲಿ ಎಲ್ಲವೂ ತಡೆಯಲ್ಪಡುತ್ತವೆ. ಆಮೇಲೆ ಉಳಿಯುವುದು ಒಂದೇ: ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ಪರಿಹಾರ ವೃತ್ತಿಪರರಿಗೆ ಕ್ಲೇಮು ಸಲ್ಲಿಸುವುದು. ಇದರ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ, ಕೊನೆಯ ದಿನಾಂಕವೂ ಅದರಲ್ಲೇ ಇರುತ್ತದೆ. ನಮಗೆ ಯಾರೂ ಮನೆಗೆ ಬಂದು ತಿಳಿಸುವುದಿಲ್ಲ. ನಾನು ಅರ್ಜಿ ತುಂಬಿ, ಬಿಲ್ ಮತ್ತು ಯುಪಿಐ ರಸೀದಿ ಸೇರಿಸಿ ಕಳುಹಿಸಿದೆ. ಒಪ್ಪಿಕೊಂಡ ಕ್ಲೇಮುಗಳ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ₹7,000 ಇದೆ. ಅದೇ ಪಟ್ಟಿಯ ಮೊದಲ ಪುಟದಲ್ಲಿ ಸಾಲ ಕೊಟ್ಟವರ ಕೋಟಿಗಳಿವೆ. ಕಂಪನಿ ಮಾರಾಟಕ್ಕೆ ಬಂದರೆ ಖರ್ಚು, ಅಡವಿನ ಸಾಲ, ನೌಕರರ ಸಂಬಳ ಇವೆಲ್ಲ ತೀರಿದ ಮೇಲೆ ನಮ್ಮಂಥವರ ಸರದಿ. ಇವತ್ತಿನವರೆಗೆ ಏನೂ ಬಂದಿಲ್ಲ.

ಇದೇ ₹12,000ವನ್ನು ಕಾರ್ಡಿನಲ್ಲಿ ಕಟ್ಟಿದ್ದರೆ? ಹತ್ತನೇ ತಿಂಗಳೆಂದರೆ 540 ದಿನದೊಳಗೆ ಆರಾಮವಾಗಿ ಇರುತ್ತಿದ್ದೆ. ತಡೆಯಾಜ್ಞೆ ಇರುವುದು ಕಂಪನಿಯ ಮೇಲಿನ ವಸೂಲಿಗೆ. ನನ್ನ ತಕರಾರು ಹೋಗುತ್ತಿದ್ದದ್ದು ನನ್ನ ಬ್ಯಾಂಕಿಗೆ. ಕಾರ್ಡಿಗೆ ಕೇಳುತ್ತಿದ್ದ ಎರಡು ಶೇಕಡಾ ಹೆಚ್ಚುವರಿ, ಅಂದರೆ ₹240, ಉಳಿಸಲು ಯುಪಿಐ ಆರಿಸಿದ್ದೆ.

ಕಳೆದ ತಿಂಗಳು ಈಗ ಬಳಸುವ ಗ್ಯಾಲರಿಯವರು ಹಬ್ಬದ ರಿಯಾಯಿತಿ ಕಳುಹಿಸಿದ್ದರು. ವರ್ಷಕ್ಕೆ ₹3,600, ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ₹7,200. ಉಳಿತಾಯ ₹3,600. ಹಳೆಯ ಹಾಳೆಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. 540 ದಿನ ಮುಗಿದ ಹೊತ್ತಿಗೆ ಸುಮಾರು 555 ದಿನದ ಹಣ ಇನ್ನೂ ಅವರ ಬಳಿ ಇರುತ್ತದೆ, ಅಂದರೆ ಸುಮಾರು ₹3,650. ಉಳಿಸುವಷ್ಟೇ ಮೊತ್ತ, ಯಾವ ಬ್ಯಾಂಕಿನ ಆಸರೆಯೂ ಇಲ್ಲದೆ. ಒಂದು ವರ್ಷದ ಯೋಜನೆಯಾದರೆ ಕೊನೆಯ ದಿನ ಮುಚ್ಚಿದರೂ ಗಡುವಿನೊಳಗೇ ಇರುತ್ತೇನೆ. ಕಾರ್ಡಿನಿಂದ ₹3,600 ಕಟ್ಟಿದೆ, ಬಿಲ್ ಇಳಿಸಿಕೊಂಡೆ, ಗ್ರಾಹಕರ ಪಟ್ಟಿಗಳನ್ನು ಪ್ರತಿ ಭಾನುವಾರ ಹಾರ್ಡ್ ಡಿಸ್ಕಿಗೆ ಇಳಿಸಲು ಮಗಳಿಗೆ ಹೇಳಿಕೊಟ್ಟೆ.